ಪ್ರಶ್ನೆಯನ್ನು ಇದ್ದ ಹಾಗೇ ಕೇಳಿ

ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಗಣತಿದಾರರ ತರಬೇತಿ ಮುಗಿಯುವಾಗ ಸಂಜೆಯಾಗಿರುತ್ತದೆ. ಬೆಂಚುಗಳಲ್ಲಿ ಕುಳಿತವರು ಹೆಚ್ಚಾಗಿ ಶಾಲಾ ಮೇಷ್ಟ್ರುಗಳು, ಮೇಡಮ್ಮುಗಳು. ಗುರುತಿನ ಚೀಟಿ, ಕೈಪಿಡಿ, ತಮ್ಮ ಬ್ಲಾಕಿನ ಗಡಿ ಬರೆದ ಹಾಳೆ ಕೈಗೆ ಬಂದಿರುತ್ತವೆ. ಹೊರಡುವ ಮುಂಚೆ ಮೇಲ್ವಿಚಾರಕರು ತಮ್ಮ ಪಾಲಿನ ಗಣತಿದಾರರನ್ನು ಪಕ್ಕಕ್ಕೆ ಕರೆದು ಇನ್ನೊಂದು ಹಾಳೆ ಕೊಡುವುದುಂಟು. ಅದು ಸುತ್ತೋಲೆಯಲ್ಲ, ಪತ್ರ. ನಾಳೆ ಬೆಳಿಗ್ಗೆ ಮೊದಲ ಮನೆಯ ಬಾಗಿಲು ತಟ್ಟುವವರಿಗೆ ಎರಡು ಮಾತು ಒತ್ತಿ ಹೇಳುವುದು ಅದರ ಉದ್ದೇಶ. ಪ್ರಶ್ನೆಯನ್ನು ಇದ್ದ ಹಾಗೇ ಕೇಳಿ, ಮನೆಯವರ ಜೊತೆ ಮರ್ಯಾದೆಯಿಂದ ನಡೆದುಕೊಳ್ಳಿ.

ಎರಡೂ ಎಲ್ಲರಿಗೂ ಗೊತ್ತಿರುವ ಬುದ್ಧಿಮಾತಿನಂತೆ ಕೇಳಿಸುತ್ತವೆ. ಆದರೆ ದೇಶದ ಮನೆ, ನೀರು, ಶೌಚಾಲಯಗಳ ಲೆಕ್ಕ ಸರಿಯಾಗುವುದೂ ತಪ್ಪುವುದೂ ಈ ಎರಡು ಮಾತಿನ ಮೇಲೆಯೇ. ಹೇಗೆಂದು ತಿಳಿಯಲು ಮನೆಪಟ್ಟಿ ಎಂಬ ಕೆಲಸ ಏನೆಂದು ಮೊದಲು ನೋಡಬೇಕು.

ಜನರಿಗಿಂತ ಮೊದಲು ಮನೆ

ಜನಗಣತಿ ಎಂದರೆ ತಲೆ ಎಣಿಸುವುದು ಎಂದಷ್ಟೇ ಅನೇಕರ ತಿಳಿವಳಿಕೆ. ನಿಜದಲ್ಲಿ ಅದು ಎರಡು ಹಂತದ ಕೆಲಸ. ಮೊದಲು ಪ್ರತಿ ಕಟ್ಟಡವನ್ನೂ ಅದರೊಳಗಿನ ಪ್ರತಿ ಮನೆಯನ್ನೂ ಗುರುತಿಸಿ, ಸಂಖ್ಯೆ ಕೊಟ್ಟು, ಅಲ್ಲಿನ ಸೌಕರ್ಯಗಳನ್ನು ಬರೆದುಕೊಳ್ಳುತ್ತಾರೆ. ಇದು ಮನೆಪಟ್ಟಿ. ತಿಂಗಳುಗಳು ಕಳೆದ ಮೇಲೆ ಅದೇ ಪಟ್ಟಿ ಹಿಡಿದು ಹೋಗಿ ಒಬ್ಬೊಬ್ಬರ ಹೆಸರು, ವಯಸ್ಸು, ಓದು, ಕೆಲಸ ಕೇಳುತ್ತಾರೆ. ಮನೆಯೇ ಪಟ್ಟಿಯಲ್ಲಿ ಇಲ್ಲವಾದರೆ ಅದರೊಳಗಿನ ಜನರನ್ನು ಎರಡನೆಯ ಹಂತದಲ್ಲಿ ಹುಡುಕಿಕೊಂಡು ಹೋಗುವವರು ಯಾರೂ ಇರುವುದಿಲ್ಲ.

2027ರ ಜನಗಣತಿಗೆ ಆ ವರ್ಷದ ಮಾರ್ಚ್ 1 ಆಧಾರ ದಿನ. ಹಿಮ ಬೀಳುವ ಪ್ರದೇಶಗಳಿಗೆ ಮಾತ್ರ ಅದು 2026ರ ಅಕ್ಟೋಬರ್ 1. ಮನೆಪಟ್ಟಿಗೆ ಗೊತ್ತಾದ ಅವಧಿ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್. ಅದರೊಳಗೆ ಒಂದೊಂದು ರಾಜ್ಯಕ್ಕೆ ಮೂವತ್ತು ದಿನ. ಕೇಳಬೇಕಾದ ಪ್ರಶ್ನೆಗಳು 33. ಉತ್ತರಗಳನ್ನು ಕಾಗದದ ಬದಲು ಮೊಬೈಲ್ ಆ್ಯಪ್‌ನಲ್ಲಿ ತುಂಬುವ ವ್ಯವಸ್ಥೆ ಈ ಸಲದ ಹೊಸತು.

ಕರ್ನಾಟಕದ ಓದುಗರು ಇದನ್ನು 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಜೊತೆ ಬೆರೆಸಿಕೊಳ್ಳುವುದು ಸಹಜ. ಆಗಲೂ ಶಿಕ್ಷಕರೇ ಮನೆಗೆ ಬಂದಿದ್ದರು, ಬಾಗಿಲಿಗೆ ಚೀಟಿ ಅಂಟಿಸಿಯೂ ಹೋಗಿದ್ದರು. ಅದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಕೆಲಸ. ಜನಗಣತಿ ನಡೆಯುವುದು ಕೇಂದ್ರದ 1948ರ ಜನಗಣತಿ ಕಾಯ್ದೆಯ ಅಡಿಯಲ್ಲಿ. ಮೊದಲ ಮನೆಯಲ್ಲೇ 'ಮೊನ್ನೆ ತಾನೇ ಬರ್ಕೊಂಡು ಹೋದ್ರಲ್ಲ' ಎಂಬ ಮಾತು ಬಂದರೆ ಗಣತಿದಾರರು ಈ ವ್ಯತ್ಯಾಸವನ್ನು ಬೇಸರಿಸದೆ ಹೇಳಬೇಕಾಗುತ್ತದೆ. ಒಳ್ಳೆಯ ಪತ್ರದಲ್ಲಿ ಈ ಉತ್ತರವೂ ಎರಡು ಸಾಲಿನಲ್ಲಿ ಸಿದ್ಧವಾಗಿರುತ್ತದೆ.

ಒಬ್ಬ ಗಣತಿದಾರರಿಗೆ ಒಂದು ಬ್ಲಾಕ್. ಅದರಲ್ಲಿ ಸಾಮಾನ್ಯವಾಗಿ 700ರಿಂದ 800 ಜನ. ಆರು ಗಣತಿದಾರರಿಗೆ ಒಬ್ಬರು ಮೇಲ್ವಿಚಾರಕರು. ಅವರ ಮೇಲೆ ತಹಶೀಲ್ದಾರರಂಥ ಚಾರ್ಜ್ ಅಧಿಕಾರಿ. ಈ ಸಾಲಿನಲ್ಲಿ ಮನೆ ಬಾಗಿಲಿಗೆ ಹತ್ತಿರವಿದ್ದು, ತಪ್ಪನ್ನು ಅದೇ ದಿನ ತಿದ್ದಿಸಬಲ್ಲವರು ಮೇಲ್ವಿಚಾರಕರೊಬ್ಬರೇ. ಆದ್ದರಿಂದ ಪತ್ರ ಅವರಿಂದ ಬರುತ್ತದೆ.

ಒಂದು ಕಟ್ಟಡ, ಐದು ಬಾಗಿಲು

ಪತ್ರದ ಮೊದಲ ಭಾಗ ಎಣಿಕೆಯದು. ಇಲ್ಲಿ ಮೂರು ಮಾತುಗಳನ್ನು ಬೇರೆಬೇರೆಯಾಗಿ ಹಿಡಿದುಕೊಳ್ಳಬೇಕು: ಕಟ್ಟಡ, ಗಣತಿ ಮನೆ, ಕುಟುಂಬ. ರಸ್ತೆಯಿಂದಲೋ ಸಾಮಾನ್ಯ ಅಂಗಳದಿಂದಲೋ ಮೆಟ್ಟಿಲಿನಿಂದಲೋ ತನ್ನದೇ ಪ್ರತ್ಯೇಕ ಬಾಗಿಲಿರುವ ಭಾಗ ಒಂದು ಗಣತಿ ಮನೆ. ಅದರಲ್ಲಿ ಜನ ವಾಸವಿರಲಿ, ಅಂಗಡಿಯಿರಲಿ, ಖಾಲಿ ಬಿದ್ದಿರಲಿ, ಅದು ಗಣತಿ ಮನೆಯೇ. ಸಾಮಾನ್ಯವಾಗಿ ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಯನ್ನು ಉಣ್ಣುವವರು ಒಂದು ಕುಟುಂಬ. ಅವರ ನಡುವೆ ರಕ್ತಸಂಬಂಧ ಇರಲೇಬೇಕೆಂದಿಲ್ಲ.

ಪೇಟೆ ಬೀದಿಯ ಒಂದು ಹಳೆಯ ವಠಾರವನ್ನು ಎದುರಿಗಿಟ್ಟುಕೊಂಡು ನೋಡಬಹುದು. ರಸ್ತೆಗೆ ಮುಖ ಮಾಡಿ ಎರಡು ಮಳಿಗೆ: ಒಂದು ಪುಸ್ತಕದ ಅಂಗಡಿ, ಇನ್ನೊಂದು ಟೈಲರ್ ಅಂಗಡಿ. ಪಕ್ಕದ ಓಣಿಯಲ್ಲಿ ಒಳಗೆ ಹೋದರೆ ಅಂಗಳ, ಅಂಗಳಕ್ಕೆ ತೆರೆದ ಮಾಲೀಕರ ಮನೆ. ಮೂಲೆಯಲ್ಲಿ ಮೆಟ್ಟಿಲು. ಮೇಲೆ ಎರಡು ಬಾಗಿಲು: ಒಂದರಲ್ಲಿ ಮೂವರು ಕಾಲೇಜು ಹುಡುಗರು, ಇನ್ನೊಂದಕ್ಕೆ ಬೀಗ.

ಗಣತಿದಾರರು ಮುಂದಿನ ಅಂಗಡಿಯಲ್ಲಿ ಕುಳಿತು 'ಇಲ್ಲಿ ಎಷ್ಟು ಮನೆ?' ಎಂದು ಕೇಳಿದರೆ ಮಾಲೀಕರಿಂದ ಬರುವ ಉತ್ತರ 'ನಮ್ದೊಂದೇ ಮನೆ, ಮೇಲೆ ಬಾಡಿಗೆಯವ್ರಿದ್ದಾರೆ' ಎಂದು. ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ಲೆಕ್ಕಕ್ಕೆ ಸಾಲದು. ಆದ್ದರಿಂದ ಎದ್ದು ಒಳಗೆ ಹೋಗಿ, ಮೆಟ್ಟಿಲು ಹತ್ತಿ, ಪ್ರತಿ ಬಾಗಿಲ ಮುಂದೆ ನಿಲ್ಲಬೇಕು.

ಈ ಕಟ್ಟಡ ಸಾಲಿನಲ್ಲಿ ಹದಿನಾಲ್ಕನೆಯದು ಎಂದಾದರೆ ಪುಸ್ತಕದ ಅಂಗಡಿ 14(1). ಅದು ವ್ಯಾಪಾರಕ್ಕೆ ಮಾತ್ರ ಬಳಕೆಯಾಗುವ ಜಾಗ, ಕುಟುಂಬದ ಪ್ರಶ್ನೆಗಳು ಅಲ್ಲಿಗಿಲ್ಲ. ಟೈಲರ್ ಅಂಗಡಿ 14(2). ಹೊರಗಿನಿಂದ ಅದೂ ಅಂಗಡಿಯೇ. 'ಈ ಜಾಗ ಯಾವುದಕ್ಕೆ ಬಳಕೆಯಾಗುತ್ತಿದೆ?' ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರೆ ಮಾತ್ರ ಗೊತ್ತಾಗುವ ಸಂಗತಿಯೊಂದಿದೆ: ಟೈಲರ್ ಹಿಂದಿನ ಅಡ್ಡಗೋಡೆಯ ಆಚೆ ಸ್ಟೌ ಇಟ್ಟುಕೊಂಡು ಅಲ್ಲೇ ಉಂಡು ಮಲಗುತ್ತಾರೆ. ಹಾಗಾಗಿ ಅದು ಅಂಗಡಿಯೂ ಹೌದು, ವಾಸದ ಮನೆಯೂ ಹೌದು, ಅಲ್ಲೊಂದು ಕುಟುಂಬವಿದೆ.

ಮಾಲೀಕರ ಮನೆ 14(3). ಬಾಗಿಲು ಒಂದೇ, ಆದ್ದರಿಂದ ಗಣತಿ ಮನೆಯೂ ಒಂದೇ. ಆದರೆ ತಮ್ಮನ ಸಂಸಾರದ ಒಲೆ ಬೇರೆ. ಹಾಗಾಗಿ ಒಂದು ಗಣತಿ ಮನೆಯೊಳಗೆ ಎರಡು ಕುಟುಂಬ. ಇದನ್ನು ತಿಳಿದುಕೊಳ್ಳುವುದಕ್ಕೆ ಎರಡು ದಾರಿಯುಂಟು. 'ನೀವು ಅಣ್ಣತಮ್ಮಂದಿರು ಬೇರೆಯಾಗಿದ್ದೀರಾ?' ಎಂದು ಕೇಳಿದರೆ ಅಂಗಳದಲ್ಲಿ ನಿಂತ ಅತ್ತಿಗೆ ನಾದಿನಿಯರ ಮುಖ ಗಂಟಿಕ್ಕುತ್ತದೆ, 'ಇಲ್ಲಪ್ಪಾ, ಎಲ್ಲ ಒಟ್ಟಿಗೇ ಇದ್ದೀವಿ' ಎಂಬ ಉತ್ತರ ಬರುತ್ತದೆ. 'ಎಲ್ಲರಿಗೂ ಅಡುಗೆ ಒಂದೇ ಕಡೆ ಆಗುತ್ತದೆಯೇ?' ಎಂದು ಕೇಳಿದರೆ ಯಾರಿಗೂ ನೋವಾಗುವುದಿಲ್ಲ. ಆಸ್ತಿ ಪಾಲಾಗಿದೆಯೇ ಇಲ್ಲವೇ ಎಂಬುದು ಗಣತಿಗೆ ಬೇಕಾಗಿಲ್ಲ. ಬೇಕಾದ್ದು ಅಡುಗೆಯ ವಿಷಯ ಮಾತ್ರ. ಸರಿಯಾದ ಪ್ರಶ್ನೆಯೇ ಸಭ್ಯವಾದ ಪ್ರಶ್ನೆಯೂ ಆಗಿರುವುದು ಈ ಕೆಲಸದಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ.

ಮೇಲಿನ ಹುಡುಗರದು 14(4). ಮೂವರೂ ಸೇರಿ ಅಡುಗೆ ಮಾಡಿಕೊಂಡರೆ ಒಂದು ಕುಟುಂಬ. ಒಬ್ಬೊಬ್ಬರೂ ತಮ್ಮ ಪಾಡಿಗೆ ಹೊರಗೆ ಉಣ್ಣುವವರಾದರೆ ಒಂದೇ ಕೋಣೆಯಲ್ಲಿದ್ದರೂ ಮೂರು ಕುಟುಂಬ. ಇದೂ ಕೇಳಿಯೇ ತಿಳಿಯಬೇಕು.

ಬೀಗ ಹಾಕಿದ ಬಾಗಿಲು 14(5). ಇಲ್ಲಿ ಅವಸರಪಟ್ಟವರು 'ಖಾಲಿ' ಎಂದು ಬರೆದು ಕೆಳಗಿಳಿಯುತ್ತಾರೆ. ಬೀಗ ಬಿದ್ದಿರುವುದು ಬೇರೆ, ಮನೆ ಖಾಲಿಯಿರುವುದು ಬೇರೆ. ಮನೆಯವರು ಜಾತ್ರೆಗೋ ಮಗಳ ಬಾಣಂತನಕ್ಕೋ ಹೋಗಿದ್ದರೆ ಅದು ವಾಸದ ಮನೆಯೇ. ಅಕ್ಕಪಕ್ಕದಲ್ಲಿ ವಿಚಾರಿಸಿ, ಮತ್ತೆ ಬರಬೇಕು. 2011ರ ಗಣತಿಯಲ್ಲಿ ದೇಶದಲ್ಲಿ ಸುಮಾರು 33 ಕೋಟಿ ಗಣತಿ ಮನೆಗಳಿದ್ದವು. ಅವುಗಳಲ್ಲಿ ಸುಮಾರು 2.47 ಕೋಟಿ ಖಾಲಿ ಎಂದು ದಾಖಲಾದವು. ಮನೆಯಿಲ್ಲದವರ ಪಕ್ಕದಲ್ಲೇ ಇಷ್ಟೊಂದು ಮನೆ ಖಾಲಿ ಏಕೆ ಎಂಬ ಚರ್ಚೆ ಆಗ ಜೋರಾಗಿ ನಡೆಯಿತು. ಅಂಥ ಚರ್ಚೆಗೆ ಆಧಾರವಾಗುವ ಅಂಕಿಯೊಳಗೆ ಜಾತ್ರೆಗೆ ಹೋದವರ ಮನೆಗಳು ಸೇರಿಕೊಳ್ಳಬಾರದು ಎನ್ನುವುದಕ್ಕೇ ಎರಡನೆಯ ಸಲದ ಮೆಟ್ಟಿಲು ಹತ್ತುವ ಕಷ್ಟ.

ಒಟ್ಟಿನಲ್ಲಿ ಮಾಲೀಕರ ಬಾಯಲ್ಲಿ 'ಒಂದೇ ಮನೆ' ಆಗಿದ್ದದ್ದು ಪಟ್ಟಿಯಲ್ಲಿ ಐದು ಗಣತಿ ಮನೆ, ಕನಿಷ್ಠ ನಾಲ್ಕು ಕುಟುಂಬ.

ಹಾಲ್ ಇದೆ, ರೂಮು ಒಂದೇ

ಪತ್ರದ ಎರಡನೆಯ ಭಾಗ ಪ್ರಶ್ನೆಗಳದು. ಇಡೀ ಪತ್ರದ ತಿರುಳು ಇಲ್ಲಿದೆ: ಪರದೆಯ ಮೇಲಿರುವ ಪ್ರಶ್ನೆಯನ್ನು ಪೂರ್ತಿ ಓದಿ, ಕಾಯಿರಿ, ಬಂದ ಉತ್ತರ ಬರೆಯಿರಿ. ನೂರು ಮನೆ ಮುಗಿಸಿದ ಗಣತಿದಾರರಿಗೆ ಪ್ರಶ್ನೆ ಬಾಯಿಪಾಠವಾಗಿರುತ್ತದೆ. ಬಾಯಿಪಾಠವಾದದ್ದು ಮೆಲ್ಲಗೆ ಮೊಟಕಾಗುತ್ತದೆ. ಮೊಟಕಾದ ಪ್ರಶ್ನೆಗೆ ಬೇರೆಯದೇ ಉತ್ತರ ಬರುತ್ತದೆ.

ಕೋಣೆಗಳ ಪ್ರಶ್ನೆ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರಶ್ನೆ ಇರುವುದು ಕುಟುಂಬದ ಸ್ವಂತ ಬಳಕೆಯಲ್ಲಿರುವ ವಾಸದ ಕೋಣೆಗಳು ಎಷ್ಟು ಎಂದು. ವಾಸದ ಕೋಣೆ ಎಂದರೆ ಗೋಡೆ, ಬಾಗಿಲು, ಮಾಡು ಇದ್ದು, ಒಬ್ಬರು ಮಲಗುವಷ್ಟು ಜಾಗವಿರಬೇಕು: ಉದ್ದ ಕನಿಷ್ಠ 2 ಮೀಟರ್, ಅಗಲ ಒಂದೂವರೆ ಮೀಟರ್, ಎತ್ತರ 2 ಮೀಟರ್. ಮಲಗುವ ಕೋಣೆಯೂ ನಡುಮನೆಯೂ ಊಟದ ಕೋಣೆಯೂ ಲೆಕ್ಕಕ್ಕೆ ಬರುತ್ತವೆ. ಅಡುಗೆಮನೆ, ಬಚ್ಚಲು, ಉಗ್ರಾಣ, ಓಡಾಡುವ ಓಣಿ ಬರುವುದಿಲ್ಲ.

ಇದನ್ನು ಗಣತಿದಾರರು 'ಎಷ್ಟು ರೂಮು?' ಎಂದು ಮೊಟಕು ಮಾಡಿದರೆ ಏನಾಗುತ್ತದೆ? ನಮ್ಮ ಪಟ್ಟಣಗಳಲ್ಲಿ ಯಾರೂ ಹಾಲನ್ನು ರೂಮು ಎನ್ನುವುದಿಲ್ಲ. 'ಒಂದು ಹಾಲು, ಒಂದು ರೂಮು, ಕಿಚನ್ನು' ಎಂದೇ ಬಾಡಿಗೆ ಮನೆಯ ವರ್ಣನೆ. ಆದ್ದರಿಂದ 'ಒಂದೇ ರೂಮು' ಎಂಬ ಉತ್ತರ ಬರುತ್ತದೆ, 1 ಎಂದು ದಾಖಲಾಗುತ್ತದೆ. ನಿಯಮದ ಪ್ರಕಾರ ಬರಬೇಕಾದ್ದು 2. ಆರು ಜನರ ಆ ಕುಟುಂಬ ಕೋಣೆಗೆ ಮೂವರಂತೆ ಇದ್ದದ್ದು ಕಾಗದದಲ್ಲಿ ಒಂದೇ ಕೋಣೆಗೆ ಆರು ಜನವಾಗುತ್ತದೆ. ಪಕ್ಕದ ಬ್ಲಾಕಿನ ಇನ್ನೊಬ್ಬರು ಅಡುಗೆಮನೆಯನ್ನೂ ಸೇರಿಸಿ 3 ಎಂದು ಬರೆದುಕೊಂಡಿದ್ದರೆ ಒಂದೇ ಅಳತೆಯ ಎರಡು ಮನೆಗಳಲ್ಲಿ ಒಂದು ಕಿಷ್ಕಿಂಧೆಯಂತೆಯೂ ಇನ್ನೊಂದು ವಿಶಾಲವಾದಂತೆಯೂ ಕಾಣುತ್ತದೆ.

ಇದು ಅಂಕಿಗಳ ಜಗಳವಷ್ಟೇ ಅಲ್ಲ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಗಾಗಿ 2012ರಲ್ಲಿ ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯ ತಾಂತ್ರಿಕ ಸಮಿತಿ ದೇಶದ ನಗರಗಳ ಮನೆ ಕೊರತೆಯನ್ನು 1.878 ಕೋಟಿ ಎಂದು ಅಂದಾಜು ಮಾಡಿತು. ಅದರಲ್ಲಿ ಸುಮಾರು ಒಂದೂವರೆ ಕೋಟಿ ಕೊರತೆ ಇಕ್ಕಟ್ಟಿನ ಲೆಕ್ಕದಲ್ಲಿ ಬಂದದ್ದು. ಮದುವೆಯಾದ ಜೋಡಿಗೆ ಪ್ರತ್ಯೇಕ ಕೋಣೆ ಇದೆಯೇ ಇಲ್ಲವೇ ಎಂಬುದು ಇಕ್ಕಟ್ಟಿನ ಅಳತೆ. ಮನೆಪಟ್ಟಿಯಲ್ಲೂ ವಾಸದ ಕೋಣೆಗಳು ಎಷ್ಟು, ವಿವಾಹಿತ ಜೋಡಿಗಳು ಎಷ್ಟು ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಹಾಲನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಸಣ್ಣ ವಿಷಯ ಕೊನೆಗೆ ಹೋಗಿ ಮುಟ್ಟುವುದು ಎಷ್ಟು ಮನೆ ಕಟ್ಟಬೇಕು ಎಂಬಲ್ಲಿಗೆ.

ಹಾಗಿದ್ದರೆ ಗಣತಿದಾರರು ಮಾಡಬೇಕಾದ್ದೇನು? ಪ್ರಶ್ನೆಯನ್ನು ಒಮ್ಮೆ ಇದ್ದಂತೆ ಓದುವುದು. ಅರ್ಥವಾಗದಿದ್ದರೆ ಇನ್ನೊಮ್ಮೆ ಓದುವುದು. ಆಗಲೂ ತಿಳಿಯದಿದ್ದರೆ ಕೈಪಿಡಿಯಲ್ಲಿ ಕೊಟ್ಟ ವಿವರಣೆಯನ್ನು ಆ ಮನೆಯವರ ಮಾತಿನಲ್ಲಿ ಹೇಳುವುದು. ಕಲಬುರಗಿಯ ಕಡೆ ನಲ್ಲಿಗೆ ನಳ ಎನ್ನುತ್ತಾರೆ, ಕೋಣೆಗೆ ಖೋಲಿ ಎನ್ನುತ್ತಾರೆ; ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ತಾಂಡಾಗಳಲ್ಲಿ, ತುಳು ಕೊಂಕಣಿ ಮನೆಗಳಲ್ಲಿ ಅವರವರ ಮಾತು ಬಂದರೆ ಇನ್ನೂ ಒಳ್ಳೆಯದು. ಮಾತು ಬದಲಾಗಬಹುದು, ಕೇಳುತ್ತಿರುವ ಸಂಗತಿ ಬದಲಾಗಬಾರದು.

ನಲ್ಲಿ ಇದೆ, ನೀರು ಬೇರೆ ಕಡೆಯದು

ನೀರಿನ ಪ್ರಶ್ನೆಯಲ್ಲಿ ಇದೇ ತೊಡಕು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಮನೆಯ ಮುಂದೆ ನಲ್ಲಿಯಿದೆ. ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದರೂ ಅದನ್ನು ಪಾತ್ರೆ ತೊಳೆಯಲು, ದನಕ್ಕೆ ಬಳಸುತ್ತಾರೆ. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್‌ನಲ್ಲಿ ತರುತ್ತಾರೆ.

ಅಂಗಳದಲ್ಲಿ ನಲ್ಲಿ ಕಂಡ ಗಣತಿದಾರರು 'ನಲ್ಲಿ ನೀರು ಅಲ್ವಾ?' ಎಂದರೆ ಮನೆಯವರು 'ಹೂಂ' ಎನ್ನುತ್ತಾರೆ. ಮನೆಗೆ ಬಂದವರ ಮಾತಿಗೆ ಇಲ್ಲ ಎನ್ನಬಾರದೆಂಬ ಸಂಕೋಚ ನಮ್ಮ ಕಡೆ ಬಹಳ. 'ಅಲ್ವಾ' ಎಂದು ಮುಗಿಯುವ ಪ್ರಶ್ನೆ ಉತ್ತರವನ್ನೂ ತಾನೇ ಹೇಳಿಬಿಟ್ಟಿರುತ್ತದೆ. ಪ್ರಶ್ನೆ ಇರುವುದು ಕುಡಿಯುವ ನೀರಿನ ಮುಖ್ಯ ಮೂಲ ಯಾವುದೆಂದು. 'ಕುಡಿಯುವ' ಮತ್ತು 'ಮುಖ್ಯ' ಎಂಬ ಎರಡು ಮಾತು ಬಿಟ್ಟುಹೋದರೆ ನೀರಿಗೆ ಪರದಾಡುವ ಊರು ದಾಖಲೆಯಲ್ಲಿ ನೀರಾವರಿಯ ಊರಾಗುತ್ತದೆ.

ನೀರು ಎಲ್ಲಿಂದ ಬರುತ್ತದೆ ಎಂಬುದು ಒಂದು ಪ್ರಶ್ನೆ, ಎಷ್ಟು ದೂರದಿಂದ ಎಂಬುದು ಇನ್ನೊಂದು. 2011ರ ಗಣತಿಯಲ್ಲಿ ಇದಕ್ಕೆ ಮೂರು ಉತ್ತರಗಳಿದ್ದವು: ಆವರಣದೊಳಗೆ, ಹತ್ತಿರ, ದೂರ. ಹಳ್ಳಿಯಲ್ಲಿ 500 ಮೀಟರ್ ಒಳಗಿದ್ದರೆ ಹತ್ತಿರ, ಪಟ್ಟಣದಲ್ಲಿ 100 ಮೀಟರ್ ಒಳಗಿದ್ದರೆ ಹತ್ತಿರ. ಹಳ್ಳಿಯ ಹೆಂಗಸರು ಅರ್ಧ ಮೈಲಿ ನಡೆದು ತರುವ ನೀರನ್ನೂ 'ಇಲ್ಲೇ ಹತ್ರ' ಎನ್ನುವುದುಂಟು. ನಡೆದು ನಡೆದು ದೂರವೇ ಹತ್ತಿರವಾಗಿಬಿಟ್ಟಿರುತ್ತದೆ. ಅರ್ಧ ಮೈಲಿ ಎಂದರೆ ಸುಮಾರು 800 ಮೀಟರ್. ಅದು ನಿಯಮದ ಪ್ರಕಾರ ದೂರ. ಹೀಗಾಗಿ 'ಹತ್ತಿರವೋ ದೂರವೋ' ಎಂದು ಕೇಳಿ ಬಿಡದೆ, ಜಾಗ ಎಲ್ಲಿದೆ ಎಂದು ತೋರಿಸಲು ಹೇಳಿ ಅಂದಾಜು ಮಾಡಬೇಕೆಂದು ಅನುಭವಸ್ಥ ಮೇಲ್ವಿಚಾರಕರು ಬರೆಯುತ್ತಾರೆ.

ಒಂದೆರಡು ಮಾತು ಬಿಟ್ಟರೆ ಎಷ್ಟು ಕಳೆದುಹೋಗಬಹುದು ಎಂಬುದಕ್ಕೆ ಗಣತಿಯ ಇತಿಹಾಸದಲ್ಲೇ ಒಂದು ಪ್ರಸಂಗವಿದೆ. ಮನೆಯ ಹೊಲದಲ್ಲಿ ದಿನವಿಡೀ ದುಡಿಯುವ ಹೆಂಗಸು 'ಕೆಲಸ ಮಾಡ್ತೀರಾ?' ಎಂದರೆ 'ಇಲ್ಲ, ಮನೇಲೇ ಇರ್ತೀನಿ' ಎನ್ನುತ್ತಾಳೆ. ಇದನ್ನು ಕಂಡುಕೊಂಡೇ 1991ರ ಗಣತಿಯಲ್ಲಿ ಕೆಲಸದ ಪ್ರಶ್ನೆಯ ಜೊತೆಗೆ, ಹೊಲದಲ್ಲಾಗಲಿ ಮನೆಯ ಉದ್ಯೋಗದಲ್ಲಾಗಲಿ ಕೂಲಿಯಿಲ್ಲದೆ ಮಾಡುವ ದುಡಿಮೆಯೂ ಸೇರಿತು ಎಂಬ ಅರ್ಥದ ಮಾತನ್ನು ಪ್ರಶ್ನೆಯಲ್ಲೇ ಅಚ್ಚು ಮಾಡಿಸಿದರು. ಅಚ್ಚಾದದ್ದನ್ನು ಗಣತಿದಾರರು ಓದದೆ ಬಿಟ್ಟರೆ ಆ ಹೆಂಗಸಿನ ಪಾಲಿಗೆ ಅದು ಅಚ್ಚಾಗಿಯೇ ಇಲ್ಲ. ಈ ಪ್ರಶ್ನೆ ಬರುವುದು ಎರಡನೆಯ ಹಂತದಲ್ಲಿ. ಪೂರ್ತಿ ಓದುವ ಅಭ್ಯಾಸ ಮಾತ್ರ ಮನೆಪಟ್ಟಿಯ ದಿನಗಳಲ್ಲೇ ಆಗಬೇಕು.

ನೋಡಿ ಬರೆಯುವುದು, ಕೇಳಿ ಬರೆಯುವುದು

ಕೆಲವು ಸಂಗತಿಗಳನ್ನು ಗಣತಿದಾರರು ಕಣ್ಣಾರೆ ನೋಡಿ ಬರೆಯಬಹುದು. ಗೋಡೆ ಇಟ್ಟಿಗೆಯದೋ ಮಣ್ಣಿನದೋ, ಮಾಡು ಹೆಂಚಿನದೋ ಆರ್‌ಸಿಸಿಯದೋ ಹೊರಗಿನಿಂದಲೇ ತಿಳಿಯುತ್ತದೆ. ನೆಲ ಎಂಥದೆಂದು ಸಂಶಯವಿದ್ದರೆ ಕೇಳಬೇಕು. ಒಳಗಿನ ಸೌಕರ್ಯಗಳನ್ನಂತೂ ಕೇಳದೆ ಬರೆಯಕೂಡದು.

ಇಲ್ಲಿ ಎಡವಿಸುವುದು ಸೋಮಾರಿತನಕ್ಕಿಂತ ಹೆಚ್ಚಾಗಿ ಕರುಣೆ. ಹರಕು ಜೋಪಡಿಯ ಮುಂದೆ ನಿಂತು 'ನಿಮ್ಮ ಮನೇಲಿ ಲ್ಯಾಪ್‌ಟಾಪ್ ಇದೆಯೇ, ಕಾರು ಇದೆಯೇ?' ಎಂದು ಕೇಳುವುದು ಗಣತಿದಾರರಿಗೆ ಹಿಂಸೆಯೆನಿಸುತ್ತದೆ. ಕೇಳದೆ 'ಇಲ್ಲ' ಎಂದು ಒತ್ತಿಬಿಡುತ್ತಾರೆ. ಆದರೆ ಆ ಮನೆಯ ಹುಡುಗಿಗೆ ಸರ್ಕಾರದ ಯೋಜನೆಯಲ್ಲಿ ಲ್ಯಾಪ್‌ಟಾಪ್ ಬಂದಿರಬಹುದು. ದೊಡ್ಡ ಮನೆಯ ಮುಂದೆ ಇದರ ಉಲ್ಟಾ: ಗೇಟು, ತೋಟ ನೋಡಿ ಎಲ್ಲವೂ 'ಇದೆ' ಎಂದು ತುಂಬುತ್ತಾರೆ. ಎರಡೂ ಕಡೆ ದಾಖಲಾಗುವುದು ಮನೆಯ ಸ್ಥಿತಿಯಲ್ಲ, ಗಣತಿದಾರರ ಊಹೆ. ಆದ್ದರಿಂದ ಪತ್ರ ಒಂದು ಸರಳ ದಾರಿ ಹೇಳಿಕೊಡುತ್ತದೆ. ಪಟ್ಟಿ ಓದುವ ಮುಂಚೆ 'ಈ ಪ್ರಶ್ನೆಗಳನ್ನು ಎಲ್ಲ ಮನೆಯಲ್ಲೂ ಒಂದೇ ರೀತಿ ಕೇಳುತ್ತೇವೆ' ಎಂದು ಹೇಳಿ ಆಮೇಲೆ ಓದಿ. ಕೇಳಿಸಿಕೊಂಡವರಿಗೆ ಆಗ ಅವಮಾನವಾಗುವುದಿಲ್ಲ.

ಶೌಚಾಲಯದ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮ. 2011ರಲ್ಲಿ ದೇಶದ ಶೇ 46.9ರಷ್ಟು ಕುಟುಂಬಗಳಿಗೆ ಮಾತ್ರ ಮನೆಯ ಆವರಣದಲ್ಲಿ ಶೌಚಾಲಯವಿತ್ತು, ಶೇ 3.2 ಸಾರ್ವಜನಿಕ ಶೌಚಾಲಯ ಬಳಸುತ್ತಿದ್ದವು, ಶೇ 49.8 ಬಯಲಿಗೆ ಹೋಗುತ್ತಿದ್ದವು. ಮುಂದೆ ನಡೆದ ಶೌಚಾಲಯ ಚರ್ಚೆಗಳಲ್ಲೆಲ್ಲ ಈ ಮೂರು ಅಂಕಿ ಮತ್ತೆ ಮತ್ತೆ ಬಂದವು. ಅವು ಸಿಕ್ಕಿದ್ದು ಒಂದು ಪ್ರಶ್ನೆ, ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಕೇಳಿದ್ದರಿಂದ: ಆವರಣದಲ್ಲಿ ಇದೆಯೇ, ಇಲ್ಲದಿದ್ದರೆ ಸಾರ್ವಜನಿಕವೋ ಬಯಲೋ. ಮೊದಲೇ 'ಬಯಲಿಗೇ ಹೋಗೋದಾ?' ಎಂದರೆ ಮನೆಯಾಕೆ ತಲೆ ತಗ್ಗಿಸುತ್ತಾಳೆ ಅಥವಾ ಸುಳ್ಳು ಹೇಳುತ್ತಾಳೆ. ಪಕ್ಕದ ಮನೆಯವರು ಕೇಳಿಸಿಕೊಳ್ಳುವಂತೆ ಕೂಗಿ ಕೇಳಿದರೂ ಅಷ್ಟೇ.

ಕಾನೂನಿನಲ್ಲೇ ಇರುವ ಸೌಜನ್ಯ

ಪತ್ರದ ಮೂರನೆಯ ಭಾಗ ನಡವಳಿಕೆಯದು. ಸೌಜನ್ಯವೆಂದರೆ ಮೇಲ್ವಿಚಾರಕರ ಸ್ವಂತ ಬುದ್ಧಿಮಾತು ಎಂದುಕೊಳ್ಳಬೇಕಿಲ್ಲ. 1948ರ ಕಾಯ್ದೆಯೇ ಅದನ್ನು ಬರೆದಿಟ್ಟಿದೆ.

ಕೇಳಿದ ಪ್ರಶ್ನೆಗೆ ತಿಳಿದಷ್ಟು ಉತ್ತರ ಕೊಡುವುದು ಪ್ರತಿಯೊಬ್ಬರ ಹೊಣೆ ಎಂದು ಎಂಟನೆಯ ಕಲಮು ಹೇಳುತ್ತದೆ. ಅದೇ ಉಸಿರಿನಲ್ಲಿ ಒಂದು ವಿನಾಯಿತಿಯನ್ನೂ ಕೊಡುತ್ತದೆ: ಮನೆಯ ಹೆಣ್ಣುಮಗಳ ಹೆಸರು ಹೇಳಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ, ಗಂಡನ ಹೆಸರನ್ನಾಗಲಿ, ತೀರಿಕೊಂಡ ಗಂಡನ ಹೆಸರನ್ನಾಗಲಿ, ಸಂಪ್ರದಾಯದಂತೆ ಹೇಳಬಾರದ ಇನ್ಯಾರ ಹೆಸರನ್ನಾಗಲಿ ಹೇಳುವಂತೆ ಯಾವ ಹೆಂಗಸನ್ನೂ ಕಟ್ಟಿಹಾಕುವಂತಿಲ್ಲ. ಗಂಡನ ಹೆಸರು ಹೇಳಲು ನಾಚುವ ಅಜ್ಜಿಯರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅಲ್ಲಿ ಗಣತಿದಾರರು ಮೊಮ್ಮಗನ ಕಡೆ ತಿರುಗಿ 'ತಾತನ ಹೆಸರೇನು?' ಎಂದರೆ ಮುಗಿಯಿತು.

ಮನೆಯವರು ಗಣತಿದಾರರನ್ನು ಒಳಗೆ ಬಿಟ್ಟುಕೊಳ್ಳಬೇಕು, ಗೋಡೆಯ ಮೇಲೆ ಸಂಖ್ಯೆ ಬರೆಯಲು ಬಿಡಬೇಕು ಎಂದು ಒಂಬತ್ತನೆಯ ಕಲಮು ಹೇಳುತ್ತದೆ. ಆದರೆ ನಾಡಿನ ರೂಢಿಯನ್ನು ಗಮನದಲ್ಲಿಟ್ಟುಕೊಂಡು ಎಷ್ಟು ಯುಕ್ತವೋ ಅಷ್ಟು ಮಾತ್ರ. ಅಂದರೆ ದೇವರಮನೆಗೋ ಅಡುಗೆಮನೆಗೋ ನುಗ್ಗುವ ಅಧಿಕಾರ ಯಾರಿಗೂ ಇಲ್ಲ. ಬಾಗಿಲಿಗೆ ಹೊಸ ಬಣ್ಣ ಹಚ್ಚಿಸಿದ್ದರೆ ಸಂಖ್ಯೆಯನ್ನು ಎಲ್ಲಿ ಬರೆಯಲಿ ಎಂದು ಕೇಳಿ ಬರೆಯುವುದು ಲೇಸು. ಬೇಕೆಂದೇ ಅವಮಾನಕರ ಪ್ರಶ್ನೆ ಕೇಳುವ ಅಥವಾ ತಿಳಿದೂ ಸುಳ್ಳು ತುಂಬುವ ಗಣತಿ ಅಧಿಕಾರಿ ಹನ್ನೊಂದನೆಯ ಕಲಮಿನ ಪ್ರಕಾರ ಶಿಕ್ಷೆಗೆ ಗುರಿಯಾಗುತ್ತಾರೆ. ಹದಿನೈದನೆಯ ಕಲಮು ಮನೆಯವರ ಪರವಾಗಿ ನಿಲ್ಲುತ್ತದೆ: ಗಣತಿಯಲ್ಲಿ ಕೊಟ್ಟ ಮಾಹಿತಿಯನ್ನು ಯಾರೂ ತರಿಸಿ ನೋಡುವಂತಿಲ್ಲ, ಅದು ನ್ಯಾಯಾಲಯದಲ್ಲಿ ಸಾಕ್ಷ್ಯವೂ ಆಗುವುದಿಲ್ಲ.

ಜನ ಉತ್ತರ ಮರೆಮಾಚುವುದು ಹೆಚ್ಚಾಗಿ ಎರಡು ಕಾರಣಕ್ಕೆ. ತೆರಿಗೆ ಹೆಚ್ಚಾದೀತು ಎಂಬ ಭಯ, ರೇಷನ್ ಕಾರ್ಡು ತಪ್ಪೀತು ಎಂಬ ಭಯ. ಹದಿನೈದನೆಯ ಕಲಮನ್ನು ಎರಡು ವಾಕ್ಯದಲ್ಲಿ ಬಿಡಿಸಿ ಹೇಳಿದರೆ ಈ ಭಯ ಎಷ್ಟೋ ಇಳಿಯುತ್ತದೆ. 'ಬರೆಸಿದರೆ ಮನೆ ಮಂಜೂರಾಗುತ್ತದೆ' ಎಂದು ಆಸೆ ಹುಟ್ಟಿಸಿ ಬಾಯಿ ಬಿಡಿಸುವುದು ಮಾತ್ರ ಕೂಡದು. ಆಸೆಗೆ ಬಿದ್ದವರು ಇರುವುದನ್ನೂ ಇಲ್ಲವೆನ್ನುತ್ತಾರೆ.

ಉಳಿದದ್ದೆಲ್ಲ ಊರಿನ ರೀತಿನೀತಿ. ಚಪ್ಪಲಿ ಹೊರಗೆ ಬಿಡುವುದು, ಕೂರಿ ಎಂದ ಮೇಲೆ ಕೂರುವುದು, ಗುರುತಿನ ಚೀಟಿಯನ್ನು ಕೇಳುವ ಮುಂಚೆಯೇ ತೋರಿಸುವುದು, ಸಾವಾದ ಮನೆಗೆ ಆಮೇಲೆ ಬರುತ್ತೇವೆಂದು ಹೇಳಿ ಹೋಗುವುದು. ಕೂಲಿಯವರು ಬೆಳಿಗ್ಗೆ ಬೇಗ ಹೊರಟುಬಿಡುತ್ತಾರೆ, ಅವರ ಕೇರಿಗೆ ಹೊತ್ತು ಏರುವ ಮುಂಚೆಯೋ ಸಂಜೆಗೋ ಹೋಗಬೇಕು. ಇವುಗಳಲ್ಲಿ ಒಂದನ್ನು ಮಾತ್ರ ಅಡಿಗೆರೆ ಎಳೆದು ಹೇಳಬೇಕಾಗುತ್ತದೆ. ಎಲ್ಲರಿಗೂ ಬಹುವಚನ. ದೊಡ್ಡ ಮನೆಯಲ್ಲಿ 'ನೀವು' ಎಂದವರು ಕೇರಿಗೆ ಬಂದ ಕೂಡಲೇ 'ಏನಮ್ಮಾ, ನಿನ್ ಗಂಡ ಏನ್ ಮಾಡ್ತಾನೆ' ಎಂದು ಇಳಿಯುವುದನ್ನು ಜನ ಗಮನಿಸುತ್ತಾರೆ, ಮರೆಯುವುದಿಲ್ಲ. ಅಂಥ ಕಡೆ ಉತ್ತರಗಳೂ ಚುಟುಕಾಗಿರುತ್ತವೆ.

ಪರಿಶಿಷ್ಟ ಜಾತಿಯೋ ಪಂಗಡವೋ ಇತರೆಯೋ ಎಂಬ ಪ್ರಶ್ನೆಯನ್ನೂ ಕೇರಿ ನೋಡಿ ತುಂಬುವಂತಿಲ್ಲ. ಕುಟುಂಬದ ಮುಖ್ಯಸ್ಥರು ಯಾರೆಂಬುದನ್ನೂ ಮನೆಯವರೇ ಹೇಳಬೇಕು. ವಿಧವೆಯ ಮನೆಯಲ್ಲಿ ಹದಿನೆಂಟರ ಮಗನನ್ನು ಕಂಡು ಅವನ ಹೆಸರನ್ನೇ ಬರೆದುಬಿಟ್ಟರೆ ಹೆಣ್ಣು ಮುಖ್ಯಸ್ಥೆಯಾಗಿರುವ ಕುಟುಂಬಗಳ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ.

ತಪ್ಪು ಗೊತ್ತಾಗುವುದು ಹೇಗೆ

ಗಣತಿದಾರರು ಕಳಿಸಿದ ದಾಖಲೆಗಳನ್ನು ಮೇಲ್ವಿಚಾರಕರು ಸಂಜೆ ಕುಳಿತು ನೋಡುತ್ತಾರೆ. ಅನುಭವವಿದ್ದವರಿಗೆ ಮನೆಗೆ ಹೋಗದೆಯೂ ಕೆಲವು ಸುಳಿವು ಕಾಣುತ್ತವೆ. ಸಾಲಾಗಿ ಇಪ್ಪತ್ತು ಮನೆಗಳಲ್ಲಿ ಕೋಣೆ ಎರಡೇ, ನೀರು ಆವರಣದಲ್ಲೇ ಎಂದಿದ್ದರೆ ಅಲ್ಲಿ ಪ್ರಶ್ನೆ ಓದಿಲ್ಲ ಎಂದರ್ಥ. ಪೇಟೆಯ ಬ್ಲಾಕಿನಲ್ಲಿ ಒಂದೂ ಅಂಗಡಿ, ಒಂದೂ ಬೀಗದ ಮನೆ ಇಲ್ಲದಿದ್ದರೆ ಮೆಟ್ಟಿಲು ಹತ್ತಿಲ್ಲ ಎಂದರ್ಥ. ಪ್ರತಿ ಗಣತಿ ಮನೆಗೂ ಒಂದೇ ಕುಟುಂಬ ಇದ್ದರೆ ಅಡುಗೆಯ ಪ್ರಶ್ನೆ ಕೇಳಿಲ್ಲ. ಕೊನೆಯ ದಿನಗಳಲ್ಲಿ ತುಂಬಿದ ಮನೆಗಳ ಉತ್ತರ ಮೊದಲ ದಿನದವಕ್ಕಿಂತ ಒಂದೇ ತೆರನಾಗಿ ಕಂಡರೆ ಅವಸರ. ಆ್ಯಪ್ ಬಿಟ್ಟುಹೋದ ಕಲಮನ್ನು ತೋರಿಸಬಲ್ಲದು; ಕೇಳದೆ ತುಂಬಿದ್ದನ್ನು ಅದು ಹಿಡಿಯಲಾರದು. ಅದಕ್ಕೇ ಕೆಲವು ಮನೆಗಳಿಗೆ ಮೇಲ್ವಿಚಾರಕರು ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಿ ಹೊಂದಿಸಿ ನೋಡುವುದು.

ಬ್ಲಾಕುಗಳ ಗಡಿಯಲ್ಲಿ ಬೇರೊಂದು ತೊಂದರೆ. ರಸ್ತೆಯ ಆಚೆಬದಿ ನಿನ್ನದು ಎಂದು ಇವರು, ನಿನ್ನದು ಎಂದು ಅವರು ಬಿಟ್ಟರೆ ಇಡೀ ಸಾಲು ಯಾರ ಪಟ್ಟಿಗೂ ಸೇರುವುದಿಲ್ಲ. ಆದ್ದರಿಂದ ಮನೆ ಎಣಿಸುವ ಮುಂಚೆ ಇಬ್ಬರೂ ಒಟ್ಟಿಗೆ ಗಡಿಯುದ್ದಕ್ಕೂ ನಡೆದು ಕಚ್ಚಾ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಬೇಕೆಂದು ಪತ್ರ ಕೇಳುತ್ತದೆ. ಗಣತಿ ಮುಗಿದ ಮೇಲೆ ಸ್ವಲ್ಪ ಬ್ಲಾಕುಗಳನ್ನು ಆರಿಸಿ ಮತ್ತೆ ಎಣಿಸುವ ಪದ್ಧತಿಯಿದೆ. 2011ರ ಗಣತಿಯಲ್ಲಿ ಸಾವಿರ ಜನಕ್ಕೆ ಸುಮಾರು 23 ಮಂದಿ ಬಿಟ್ಟುಹೋಗಿದ್ದರು ಎಂದು ಆ ಮರುಎಣಿಕೆ ಹೇಳಿತು. 800 ಜನರ ಬ್ಲಾಕಿಗೆ ಇದನ್ನು ಹೊಂದಿಸಿದರೆ ಹದಿನೆಂಟು ಜನ, ಅಂದರೆ ನಾಲ್ಕು ಸಂಸಾರ. ಟೈಲರ್ ಅಂಗಡಿಯ ಹಿಂಬದಿ, ಮಹಡಿಯ ಬೀಗದ ಬಾಗಿಲು, ರಸ್ತೆಯ ಆಚೆಬದಿ ಸೇರಿದರೆ ನಾಲ್ಕು ಸಂಸಾರ ಸುಲಭವಾಗಿ ಆಗುತ್ತದೆ.

ಬಾಗಿಲು ತೆರೆಯದವರು

ಏನು ಮಾಡಿದರೂ ಕೆಲವರು ಮಾಹಿತಿ ಕೊಡುವುದಿಲ್ಲ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಸೆಕ್ಯುರಿಟಿಯವರೇ ಗೇಟಿನಲ್ಲಿ ತಡೆಯುತ್ತಾರೆ. ಅಲ್ಲಿಗೆ ಹೋಗುವ ಮುಂಚೆ ನಿವಾಸಿಗಳ ಸಂಘಕ್ಕೆ ತಿಳಿಸಿ ಸಮಯ ಗೊತ್ತು ಮಾಡಿಕೊಳ್ಳುವುದು ಮೇಲ್ವಿಚಾರಕರ ಕೆಲಸ. ಗಣತಿದಾರರು ಬರುವ ಮುಂಚೆಯೇ ಮನೆಯವರು ತಾವೇ ಆನ್‌ಲೈನ್‌ನಲ್ಲಿ ವಿವರ ತುಂಬುವ ಅವಕಾಶ 2027ರ ಗಣತಿಯಲ್ಲಿ ಮೊದಲ ಬಾರಿಗೆ ಸಿಕ್ಕಿದೆ. ಹಾಗೆ ತುಂಬಿದವರ ಮನೆಗೂ ಗಣತಿದಾರರು ಹೋಗಿ, ಅವರಿಗೆ ಬಂದ ಗುರುತಿನ ಸಂಖ್ಯೆ ಪಡೆದು ವಿವರ ಖಚಿತಪಡಿಸಿಕೊಳ್ಳಬೇಕು.

ನೇರವಾಗಿ ಇಲ್ಲವೆಂದವರ ಜೊತೆ ವಾದಕ್ಕಿಳಿಯದೆ, ಕಾಯ್ದೆಯ ಹೆಸರು ಹೇಳಿ ಹೆದರಿಸದೆ, ಬೇರೆ ಹೊತ್ತಿನಲ್ಲಿ ಬರುತ್ತೇನೆಂದು ಹೇಳಿ ಮುಂದಿನ ಮನೆಗೆ ಹೋಗಬೇಕು. ಎರಡನೆಯ ಸಲವೂ ಆಗದಿದ್ದರೆ ಮೇಲ್ವಿಚಾರಕರಿಗೆ ಫೋನು. ಅವರು ಊರಿನ ಪರಿಚಿತರೊಬ್ಬರನ್ನು ಕರೆದುಕೊಂಡು ಜೊತೆಗೆ ಬರುತ್ತಾರೆ. ಅದಕ್ಕೂ ಜಗ್ಗದಿದ್ದರೆ ವಿಷಯ ಚಾರ್ಜ್ ಅಧಿಕಾರಿಗೆ ಹೋಗುತ್ತದೆ. ಪಕ್ಕದ ಮನೆಯವರನ್ನು ಕೇಳಿ ಆ ಮನೆಯ ಕಲಮುಗಳನ್ನು ತುಂಬಿ ಮುಗಿಸುವ ಅಡ್ಡದಾರಿ ಯಾವ ಹಂತದಲ್ಲೂ ಇಲ್ಲ. ಪತ್ರದ ಕೊನೆಯಲ್ಲಿ ಸಹಿಯ ಕೆಳಗೆ ಮೇಲ್ವಿಚಾರಕರ ಫೋನ್ ಸಂಖ್ಯೆ ಇರುವುದು ಇಂಥ ಮನೆಗಳಿಗಾಗಿಯೇ.